ಮೂರನೇ ಕ್ಲಾಸಿನ ಮಕ್ಕಳ ಬರವಣಿಗೆ ನೋಡೋದು ಹೇಗೆ?

ಸಕಲೇಶಪುರದ ಕಡೆ ಒಂದು ಕ್ಲಸ್ಟರ್ ಮಟ್ಟದ ಬರವಣಿಗೆ ಸ್ಪರ್ಧೆ. ಆಗಸ್ಟ್ ತಿಂಗಳು, ಹೊರಗೆ ಧೋ ಅಂತ ಮಳೆ. ವಿಷಯವೂ ಅದೇ, 'ಮಳೆ'. ಮೂರನೇ ಕ್ಲಾಸಿನ ಮಕ್ಕಳು, ಅರ್ಧ ಗಂಟೆ ಸಮಯ. ತೀರ್ಪು ಕೊಡೋಕೆ ಮೂವರು ಮೇಷ್ಟ್ರುಗಳು, ಅದರಲ್ಲಿ ನಾನೂ ಒಬ್ಬ. ಅವತ್ತು ನಾವು ತಪ್ಪು ಹಾಳೆಗೆ ಬಹುಮಾನ ಕೊಟ್ಟೆವು. ಎರಡು ಹಾಳೆಗಳನ್ನು ಬರೆದಿಟ್ಟುಕೊಂಡಿದ್ದೆ, ಹಾಗಾಗಿ ಹಾಗೇ ತೋರಿಸುತ್ತೇನೆ. ಈ ಮಾರ್ಗದರ್ಶಿಯೆಲ್ಲ ಆ ಎರಡು ಹಾಳೆ ಇಟ್ಟುಕೊಂಡೇ.

ಮೊದಲನೇ ಹಾಳೆ ಹೀಗಿತ್ತು:

"ಮಳೆಯು ಪ್ರಕೃತಿಯ ವರದಾನ. ಮಳೆಯಿಂದ ಬೆಳೆ ಬೆಳೆಯುತ್ತದೆ. ಮಳೆಯಿಂದ ಕೆರೆ ಕಟ್ಟೆಗಳು ತುಂಬುತ್ತವೆ. ಮಳೆ ಇಲ್ಲದಿದ್ದರೆ ಜೀವಿಗಳು ಬದುಕಲಾರವು. ಆದ್ದರಿಂದ ನಾವು ಮರಗಳನ್ನು ಬೆಳೆಸಬೇಕು."

ಎರಡನೇ ಹಾಳೆ:

"ನಿನ್ನೆ ಮಳೆ ಬತು. ಜೊರು ಬತು. ಕರೆಟು ಹೊಯಿತು. ಅಜಿ ದಿಪ ಅಚಿದರು. ಕೊಟಿಗೆ ಸೊರುತಿತು. ಕರು ನೆದಿತು. ಅಪ ಗೊಣಿ ಚಿಲ ಒದಿಸಿದರು. ನಾನು ಕರು ಹತಿರ ಕೂತೆ. ಕರು ಕಿವಿ ಬಿಸಿ ಇತು. ಆಮೆಲೆ ಮಳೆ ನಿತು."

ಮೊದಲನೆಯದರಲ್ಲಿ ಒಂದೂ ತಪ್ಪಿಲ್ಲ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಎರಡನೆಯದರಲ್ಲಿ 29 ಪದ, ಅದರಲ್ಲಿ 19 ತಪ್ಪು. ನಮ್ಮ ಕೈಲಿದ್ದ ಅಂಕಪಟ್ಟಿಯಲ್ಲಿ ಅಕ್ಷರಕ್ಕೆ 4, ಕಾಗುಣಿತಕ್ಕೆ 4, ವಿಷಯಕ್ಕೆ 2. ಯಾವ ಹಾಳೆ ಗೆದ್ದಿತು ಅಂತ ಹೇಳಬೇಕಾಗಿಲ್ಲ.

ಮಕ್ಕಳ ಕೈಗೆ ಹಾಳೆ ಕೊಡೋ ಮುಂಚೆ

ಅರ್ಧ ತೀರ್ಪು ವಿಷಯ ಆರಿಸುವಾಗಲೇ ಆಗಿಹೋಗುತ್ತದೆ. 'ಮಳೆ', 'ಪರಿಸರ', 'ನನ್ನ ಶಾಲೆ', 'ಹಸು' ಅಂತ ಒಂದೇ ಪದ ಕೊಟ್ಟರೆ ಎಂಟು ವರ್ಷದ ಮಗು ಏನು ಮಾಡುತ್ತದೆ? ಕಲಿಸಿಕೊಟ್ಟ ಐದು ವಾಕ್ಯ ನೆನಪಿಸಿಕೊಂಡು ಬರೆಯುತ್ತದೆ. ಅದಕ್ಕೆ ಅದೇ ಸರಿ ಅಂತ ಅನಿಸಿರುತ್ತದೆ, ಪಾಪ. ಅದೇ 'ಮಳೆ ಜೋರಾಗಿ ಬಂದಾಗ ನಿಮ್ಮನೇಲಿ ಏನಾಯ್ತು?' ಅಂತ ಕೇಳಿ. ಇದಕ್ಕೆ ಬಾಯಿಪಾಠದ ಉತ್ತರ ಯಾವ ಗೈಡಿನಲ್ಲೂ ಇಲ್ಲ. ಕಾಫಿ ಕುಯ್ಲಿನ ಕಾಲದಲ್ಲಾದರೆ 'ಕಣದಲ್ಲಿ ನೀನು ಏನು ನೋಡಿದೆ' ಅಂತ ಕೇಳಬಹುದು. ಆನೆ ಓಡಾಡುವ ಊರುಗಳಲ್ಲಿ 'ಆನೆ ಬಂದಿದೆ ಅಂದಾಗ ಮನೇಲಿ ಏನು ಮಾಡಿದ್ರಿ' ಅಂದರೆ ಸಾಕು, ಪೆನ್ಸಿಲ್ ನಿಲ್ಲೋದೇ ಇಲ್ಲ.

ಇನ್ನೊಂದು ಸಣ್ಣ ಕೆಲಸ. ಆವತ್ತು ಬೋರ್ಡಿನ ಮೇಲೆ ಯಾವ ಪದಗಳಿದ್ದವು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗೋಡೆಯ ಚಾರ್ಟು, ವಾರದ ಹೆಸರು, ಎಲ್ಲ ಸೇರಿಸಿ. ಆಮೇಲೆ ಹಾಳೆ ನೋಡುವಾಗ ಯಾವುದು ಮಗು ತಾನೇ ಕೂಡಿಸಿ ಬರೆದ ಪದ, ಯಾವುದು ನೋಡಿ ಬರೆದಿದ್ದು ಅಂತ ಗೊತ್ತಾಗಲು ಇದೊಂದೇ ದಾರಿ.

ಮೊದಲು ಕಿವಿಯಿಂದ ಕೇಳಿ

ಕೆಂಪು ಪೆನ್ನು ಪಕ್ಕಕ್ಕಿಡಿ. ಹಾಳೆಯನ್ನು ಜೊತೆಯವರ ಕೈಗೆ ಕೊಟ್ಟು, ಜೋರಾಗಿ ಓದಿಸಿ, ನೀವು ಬರೀ ಕೇಳಿ. ಒಬ್ಬರೇ ಇದ್ದರೆ ನೀವೇ ಬಾಯಿಬಿಟ್ಟು ಓದಿಕೊಳ್ಳಿ. ಕನ್ನಡದಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ನಾವು ಹೆಚ್ಚುಕಮ್ಮಿ ಹೇಳಿದ ಹಾಗೇ ಬರೆಯುತ್ತೇವೆ. 'ಬತು' ಅಂತ ಕಣ್ಣಿಗೆ ಕಂಡದ್ದು ಬಾಯಿಗೆ ಬಂದಾಗ ತಾನಾಗೇ 'ಬಂತು' ಆಗುತ್ತದೆ. ಎರಡನೇ ಹಾಳೆಯನ್ನು ಹಾಗೆ ಓದಿದರೆ ಸಿಗೋದು ಇದು:

"ನಿನ್ನೆ ಮಳೆ ಬಂತು. ಜೋರು ಬಂತು. ಕರೆಂಟು ಹೋಯಿತು. ಅಜ್ಜಿ ದೀಪ ಹಚ್ಚಿದರು. ಕೊಟ್ಟಿಗೆ ಸೋರುತ್ತಿತ್ತು. ಕರು ನೆಂದಿತ್ತು. ಅಪ್ಪ ಗೋಣಿಚೀಲ ಹೊದಿಸಿದರು. ನಾನು ಕರು ಹತ್ತಿರ ಕೂತೆ. ಕರು ಕಿವಿ ಬಿಸಿ ಇತ್ತು. ಆಮೇಲೆ ಮಳೆ ನಿಂತಿತು."

ಇದನ್ನು ಕಿವಿಯಿಂದ ಕೇಳಿದವರು ಯಾರೂ 'ದಡ್ಡ ಮಗು' ಅನ್ನಲ್ಲ. ಅಕ್ಷರದ ಅಂದಚೆಂದ, ಒತ್ತು, ದೀರ್ಘ ಇವೆಲ್ಲ ಕಣ್ಣಿನ ವಿಷಯ. ಅವು ಎದುರಿಗಿದ್ದಾಗ ಮಗು ಹೇಳಿದ ಮಾತು ಕೇಳಿಸೋದೇ ಇಲ್ಲ. ಅದಕ್ಕೇ ವಿಷಯದ ಅಂಕವನ್ನು ಹಾಳೆ ನೋಡುವ ಮುಂಚೆಯೇ ಹಾಕಿಬಿಡಿ. ಹಾಕಿದ ಮೇಲೆ ಬದಲಾಯಿಸಬೇಡಿ.

ಕೇಳಿದ ಕೂಡಲೇ ಒಂದು ಸಾಲಿನಲ್ಲಿ ಬರೆದುಕೊಳ್ಳಿ: ಈ ಮಗು ನನಗೆ ಏನು ಹೇಳಿತು? ಎರಡನೆಯದಕ್ಕೆ ನಾನು ಬರೆದದ್ದು, 'ಮಳೆಗೆ ಕೊಟ್ಟಿಗೆ ಸೋರಿ ಕರು ನೆಂದಿತು, ಅಪ್ಪ ಗೋಣಿಚೀಲ ಹೊದಿಸಿದರು, ಮಗು ಹತ್ತಿರ ಕೂತು ಕಿವಿ ಮುಟ್ಟಿ ನೋಡಿತು.' ಮೊದಲನೆಯದಕ್ಕೆ, 'ಮಳೆ ಒಳ್ಳೆಯದು.' ಈ ಸಾಲು ಬರೆಯೋಕೆ ಕಷ್ಟ ಆದರೆ ಹಾಳೆಯಲ್ಲಿ ಮಾತು ಕಮ್ಮಿ ಇದೆ ಅಂತಲೇ ಅರ್ಥ, ವಾಕ್ಯ ಎಷ್ಟೇ ಉದ್ದ ಇರಲಿ.

'ಕಿವಿ ಮುಟ್ಟಿ' ಅಂತ ಮಗು ಬರೆದಿಲ್ಲ, ಗಮನಿಸಿದಿರಾ? ಕಿವಿ ಬಿಸಿ ಇತ್ತು ಅಂತ ಅಷ್ಟೇ ಬರೆದಿದೆ. ಮುಟ್ಟದೆ ಅದು ಗೊತ್ತಾಗಲ್ಲ. ಇಂಥ ಒಂದು ವಿವರ ಸಿಕ್ಕಿದರೆ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ತೀರ್ಪಿಗೆ ಅದು ಬೇಕಾಗುತ್ತದೆ.

ಚಿಕ್ಕ ವಾಕ್ಯ ತಪ್ಪಲ್ಲ, ಹಾಗಾದರೆ ತಪ್ಪು ಯಾವುದು?

ಈ ವಯಸ್ಸಿಗೆ ಎರಡು, ಮೂರು, ನಾಲ್ಕು ಪದದ ವಾಕ್ಯವೇ ಸಹಜ. ಎರಡನೇ ಹಾಳೆಯಲ್ಲಿ ಹತ್ತು ವಾಕ್ಯ, ಒಂದೂ ನಾಲ್ಕು ಪದ ದಾಟಿಲ್ಲ. 'ಕರು' ಮೂರು ಸಲ ಬಂದಿದೆ. ನಮ್ಮ ಜೊತೆಯ ಮೇಷ್ಟ್ರು ಒಬ್ಬರು, 'ಒಂದೇ ಪದ ತಿರುಗಿ ತಿರುಗಿ ಬರೆದಿದೆ, ಪದಸಂಪತ್ತು ಸಾಲದು' ಅಂದರು. ನಾನೂ ತಲೆಯಾಡಿಸಿದೆ. ಈಗ ಯೋಚಿಸಿದರೆ, ಆ ಮಗು 'ಅದು' ಅಂತ ಬರೆದಿದ್ದರೆ ನಾವೇ 'ಅದು ಅಂದರೆ ಯಾವುದು?' ಅಂತ ಕೇಳುತ್ತಿದ್ದೆವು. ಹೆಸರನ್ನೇ ಮತ್ತೆ ಹೇಳಿದ್ದರಿಂದ ಓದುವವನಿಗೆ ಎಲ್ಲೂ ಗೊಂದಲ ಆಗಲ್ಲ.

ಹಾಗಂತ ಚಿಕ್ಕ ವಾಕ್ಯ ಎಲ್ಲ ಚೆನ್ನ ಅಂತಲ್ಲ. ನಾನು ಎರಡು ಪರೀಕ್ಷೆ ಮಾಡುತ್ತೇನೆ. ಎರಡಕ್ಕೂ ಬೆರಳು ಸಾಕು.

ಮೊದಲನೆಯದು, ಒಂದು ವಾಕ್ಯದ ಮೇಲೆ ಬೆರಳಿಟ್ಟು ಮುಚ್ಚಿ ಉಳಿದದ್ದನ್ನು ಓದೋದು. ಏನಾದರೂ ಕಳೆದುಹೋಯಿತಾ? 'ಜೋರು ಬಂತು' ಮುಚ್ಚಿದರೆ ಕರೆಂಟು ಯಾಕೆ ಹೋಯಿತು ಅನ್ನೋದು ಕಳೆದುಹೋಗುತ್ತದೆ. 'ಕೊಟ್ಟಿಗೆ ಸೋರುತ್ತಿತ್ತು' ಮುಚ್ಚಿದರೆ ಕರು ನೆಂದದ್ದು ಹೇಗೆ ಅಂತ ತಿಳಿಯಲ್ಲ. ಆದರೆ ಕೆಲವು ಮಕ್ಕಳು 'ಮಳೆ ಚೆನ್ನಾಗಿದೆ. ಮಳೆ ತುಂಬಾ ಚೆನ್ನಾಗಿದೆ. ನನಗೆ ಮಳೆ ಇಷ್ಟ' ಅಂತ ಬರೆಯುತ್ತಾರೆ. ಇಲ್ಲಿ ಎರಡು ಮುಚ್ಚಿದರೂ ಏನೂ ಹೋಗಲ್ಲ. ಕತೆ ನಿಂತಲ್ಲೇ ನಿಂತಿದೆ. ತಪ್ಪು ಅಂದರೆ ಇದು. ಪದ ಮತ್ತೆ ಬರೋದು ಬೇರೆ, ಮಾತು ಮುಂದೆ ಹೋಗದೇ ಇರೋದು ಬೇರೆ.

ಎರಡನೆಯದು, ವಾಕ್ಯಗಳನ್ನು ಅದಲು ಬದಲು ಮಾಡೋದು. ಮೊದಲನೇ ಹಾಳೆಯಲ್ಲಿ ಬೆಳೆಯ ವಾಕ್ಯವನ್ನೂ ಕೆರೆಯ ವಾಕ್ಯವನ್ನೂ ಹಿಂದೆ ಮುಂದೆ ಮಾಡಿ, ಏನೂ ಆಗಲ್ಲ. ಎರಡನೇ ಹಾಳೆಯಲ್ಲಿ ಗೋಣಿಚೀಲದ ವಾಕ್ಯವನ್ನು ಕೊಟ್ಟಿಗೆ ಸೋರುವ ಮುಂಚೆ ಇಟ್ಟು ನೋಡಿ, ಅರ್ಥ ಕೆಡುತ್ತದೆ. 'ಅದಕ್ಕೆ', 'ಆದ್ದರಿಂದ' ಅಂತ ಒಂದು ಕೂಡಿಸುವ ಪದವೂ ಇಲ್ಲದೆ ಮಗು ಕಾರಣ ಮತ್ತು ಪರಿಣಾಮವನ್ನು ಸಾಲಾಗಿ ಜೋಡಿಸಿದೆ. ವಿಚಿತ್ರ ನೋಡಿ, 'ಆದ್ದರಿಂದ' ಅನ್ನೋ ಪದ ಇರುವುದು ಮೊದಲನೇ ಹಾಳೆಯಲ್ಲಿ. ಅಲ್ಲಿ ಅದು ಯಾವುದನ್ನೂ ಯಾವುದಕ್ಕೂ ಕೂಡಿಸಿಲ್ಲ. ಮಳೆ ಬೇಕು, ಆದ್ದರಿಂದ ಮರ ಬೆಳೆಸಬೇಕು. ನಡುವಿನ ಮೆಟ್ಟಿಲು ಹಾಳೆಯಲ್ಲಿ ಇಲ್ಲ.

ವಾಕ್ಯ ಬೆಳೆಯುತ್ತಿದೆಯಾ ಅಂತ ನೋಡಬೇಕಾದರೆ ಉದ್ದ ಅಳೆಯಬೇಡಿ. 'ಹೋಗಿ', 'ನೋಡಿ', 'ಕೂತು' ತರಹದ ಪದ ಬಂದಿದೆಯಾ ನೋಡಿ. 'ನಾನು ಹೋದೆ. ಕರು ನೋಡಿದೆ' ಅನ್ನುತ್ತಿದ್ದ ಮಗು ಒಂದು ದಿನ 'ನಾನು ಹೋಗಿ ಕರು ನೋಡಿದೆ' ಅಂತ ಬರೆದರೆ ಅದು ದೊಡ್ಡ ಹೆಜ್ಜೆ. 'ಬಂದಾಗ', 'ನೆಂದಿದ್ದಕ್ಕೆ' ಅಂತ ಬಂದರೆ ಇನ್ನೂ ಒಂದು ಹೆಜ್ಜೆ. ಇದು ಬಂದರೆ ಗುರುತು ಮಾಡಿಕೊಳ್ಳಿ, ಬರದೇ ಇದ್ದರೆ ಮೂರನೇ ಕ್ಲಾಸಿನಲ್ಲಿ ಅಂಕ ಕಳೆಯಬೇಡಿ.

ತಪ್ಪು ಎಣಿಸಬೇಡಿ, ಗುಂಪು ಮಾಡಿ

ಈಗ ಕಣ್ಣಿನ ಕೆಲಸ. ಎರಡನೇ ಹಾಳೆಯ 19 ತಪ್ಪು ಪದಗಳನ್ನು ಒಂದು ಚೀಟಿಯಲ್ಲಿ ಬರೆದು, ಒಂದೇ ತರಹದ್ದನ್ನು ಒಟ್ಟಿಗಿಡಿ.

ಬತು ಎರಡು ಸಲ, ಕರೆಟು, ನೆದಿತು, ನಿತು. ಇಲ್ಲೆಲ್ಲ ಸೊನ್ನೆ ಬಿಟ್ಟುಹೋಗಿದೆ. ಅಜಿ, ಅಪ, ಇತು, ಹತಿರ, ಕೊಟಿಗೆ ಮುಂತಾದ ಎಂಟು ಪದಗಳಲ್ಲಿ ಒತ್ತು ಇಲ್ಲ. ಇನ್ನು ಜೊರು, ಹೊಯಿತು, ದಿಪ, ಸೊರುತಿತು, ಗೊಣಿ, ಚಿಲ, ಆಮೆಲೆ. ಇವು ಏಳರಲ್ಲಿ ದೀರ್ಘ ಇಲ್ಲ. ಕೊನೆಗೆ ಅಚಿದರು, ಒದಿಸಿದರು. ಇವೆರಡರಲ್ಲಿ 'ಹ' ಹೋಗಿದೆ. ಕೆಲವು ಪದಗಳು ಎರಡೆರಡು ಗುಂಪಿಗೆ ಸೇರುತ್ತವೆ, ಇರಲಿ. 19 ತಪ್ಪು ಅಂತ ಕಂಡದ್ದು ನಿಜವಾಗಿ ನಾಲ್ಕೇ ವಿಷಯ.

ಇನ್ನೂ ಹತ್ತಿರದಿಂದ ನೋಡಿ. 'ನಾನು' ಸರಿ ಇದೆ, 'ಕೂತೆ' ಸರಿ ಇದೆ. ಅಂದರೆ ಮಗುವಿಗೆ ದೀರ್ಘ ಕೇಳಿಸುತ್ತದೆ. ತಲೆಕಟ್ಟಿನ ದೀರ್ಘ, ಕೊಂಬಿನ ದೀರ್ಘ ಬರುತ್ತವೆ. ತಪ್ಪಿರುವುದೆಲ್ಲ ದೀ, ಚೀ, ಮೇ, ಜೋ, ಹೋ, ಸೋ, ಗೋ. ಇವೆಲ್ಲಕ್ಕೂ ಕೊನೆಯಲ್ಲಿ ಪಕ್ಕಕ್ಕೆ ಎಳೆಯುವ ಗುರುತು ಒಂದೇ. ಮಗುವಿಗೆ ಆ ಒಂದು ಗುರುತು ಕೈಗೆ ಕೂತಿಲ್ಲ, ಅಷ್ಟೇ. 'ದೀರ್ಘ ಗೊತ್ತಿಲ್ಲ' ಅಂತ ಬರೆದು ಇಡೀ ಕಾಗುಣಿತ ಹತ್ತು ಸಲ ತಿದ್ದಿಸಿದರೆ ಇಬ್ಬರ ಸಮಯವೂ ಹಾಳು. ಒಂದು ವಾರ ದೀಪ, ಮೇಕೆ, ಜೋಳ, ಗೋಡೆ ತರಹದ ಪದ ಮಾಡಿಸಿದರೆ ಹೆಚ್ಚಿನದು ಸರಿಹೋಗುತ್ತದೆ.

ಒತ್ತಿನ ಕತೆ ಬೇರೆ. 'ನಿನ್ನೆ' ಒಂದರಲ್ಲಿ ಮಾತ್ರ ಒತ್ತು ಸರಿಯಾಗಿದೆ. ನಿನ್ನೆ, ಇಂದು, ನಾಳೆ ದಿನಾ ಕ್ಲಾಸಿನ ಬೋರ್ಡಿನಲ್ಲಿ ಕಾಣುವ ಪದಗಳು. ಅದನ್ನು ಮಗು ಚಿತ್ರದ ಹಾಗೆ ನೆನಪಿಟ್ಟಿದೆ. ಮಿಕ್ಕ ಪದಗಳನ್ನು ಉಚ್ಚಾರ ಹಿಡಿದು ತಾನೇ ಕಟ್ಟಿದೆ. ಒತ್ತು ಇನ್ನೂ ಶುರುವಾಗಿಲ್ಲ ಅಂತ ಇದರರ್ಥ.

'ಹ' ಹೋಗಿರುವುದಕ್ಕೆ ಮನೆಮಾತು ಕಾರಣ. ನಮ್ಮ ಹಾಸನದ ಕಡೆ ಹಾಲು 'ಆಲು', ಹಸು 'ಅಸು' ಅಂತ ಎಷ್ಟೋ ಮನೆಗಳಲ್ಲಿ ಸಹಜವಾಗಿ ಅಂತಾರೆ. ತಿದ್ದಿ ತಿದ್ದಿ ಹೆದರಿಸಿದರೆ ಇನ್ನೊಂದು ತಮಾಷೆ ಆಗುತ್ತದೆ. ಮಗು ಇಲ್ಲದ ಕಡೆಯೂ 'ಹ' ಹಚ್ಚಿ, 'ಅಜ್ಜಿ ಹಕ್ಕಿ ತೊಳೆದರು' ಅಂತ ಬರೆಯುತ್ತದೆ. ಅಕ್ಕಿ ಅಂತ ನೀವೇ ತಿಳಿದುಕೊಳ್ಳಬೇಕು.

ಹಾಗೇ 'ಅಜ್ಜಿ ಬಂತು', 'ಅವ್ವ ಹೇಳ್ತು' ಅಂತ ಬರೆದರೆ ಕ್ರಿಯಾಪದ ತಪ್ಪು ಅಂತ ಗೆರೆ ಎಳೆಯಬೇಡಿ. ಈ ಕಡೆ ದೊಡ್ಡ ಹೆಂಗಸರನ್ನು ಪ್ರೀತಿಯಿಂದ ಹಾಗೇ ಹೇಳೋದು. ಆದರೆ ಎಸ್ಟೇಟಿನ ಲೈನ್ ಮನೆಯಿಂದ ಬರುವ, ಮನೆಯಲ್ಲಿ ಬೇರೆ ಭಾಷೆ ಆಡುವ ಮಗು 'ಅಮ್ಮ ಬಂದ', 'ನಾನು ಶಾಲೆ ಹೋದ' ಅಂತ ಬರೆದರೆ ಅದು ಬೇರೆ ವಿಷಯ. ಆ ಮಗು ಕನ್ನಡವನ್ನೇ ಹೊಸದಾಗಿ ಕಲಿಯುತ್ತಿದೆ. ಅದರ ಮೂರು ವಾಕ್ಯವನ್ನು ಇನ್ನೊಬ್ಬರ ಹತ್ತು ವಾಕ್ಯದ ಪಕ್ಕ ಇಟ್ಟು ತೂಗಬೇಡಿ. ಹೋದ ತಿಂಗಳು ಅದೇ ಮಗು ಬರೆದ ಹಾಳೆ ಪಕ್ಕದಲ್ಲಿಡಿ.

ಬಾಯಿಪಾಠವೋ, ಸ್ವಂತದ್ದೋ?

ಇಲ್ಲಿ ನಾವು ಅವಸರ ಮಾಡುತ್ತೇವೆ. ಸರಳ ವಾಕ್ಯ, ಒಂದೇ ನಮೂನೆ, ಎಲ್ಲರದ್ದೂ ಒಂದೇ ತರಹ ಅಂತ ಕಂಡ ಕೂಡಲೇ 'ನೋಡಿ ಬರೆದಿದ್ದಾರೆ' ಅನ್ನುತ್ತೇವೆ. ಸರಳವಾಗಿ ಇರೋದು ಯಾವುದಕ್ಕೂ ಸಾಕ್ಷಿಯಲ್ಲ. ಮಕ್ಕಳು ಬರೆಯೋದೇ ಹಾಗೆ. ಒಂದೇ ಶಾಲೆಯ ಆರು ಮಕ್ಕಳು ಒಂದೇ ವಾಕ್ಯ ಬರೆದಿದ್ದರೆ ಅದು ಅವರ ಮಿಸ್ ಕಲಿಸಿದ ವಾಕ್ಯ ಇರಬಹುದು, ಅಲ್ವಾ?

ಒಂದೇ ಶಾಲೆಯ ಹಾಳೆಗಳನ್ನು ಬೆಂಚಿನ ಮೇಲೆ ಸಾಲಾಗಿ ಹರಡಿ. ಎರಡಕ್ಕಿಂತ ಜಾಸ್ತಿ ಹಾಳೆಗಳಲ್ಲಿ ಬಂದ ವಾಕ್ಯಕ್ಕೆ ಪೆನ್ಸಿಲಿನಿಂದ ಕಂಸ ಹಾಕಿ. ಕಂಸದ ಹೊರಗೆ ಉಳಿದದ್ದನ್ನು ಮಾತ್ರ ತೂಗಿ. ಎಷ್ಟೋ ಸಲ ಐದು ಕಲಿತ ವಾಕ್ಯ ಆದಮೇಲೆ ಆರನೆಯದಾಗಿ 'ನಮ್ಮ ಛತ್ರಿ ಮುರಿದಿದೆ' ಅಂತ ಒಂದು ಸ್ವಂತದ ಮಾತು ಅಂಜುತ್ತಾ ಕೂತಿರುತ್ತದೆ.

ಇನ್ನೊಂದು ಗುರುತು ಕಾಗುಣಿತದಲ್ಲೇ ಇದೆ. ಸ್ವಂತ ಬರೆಯುವ ಮಗು ಎಲ್ಲಿ ತಪ್ಪಬೇಕೋ ಅಲ್ಲಿ ತಪ್ಪುತ್ತದೆ, ಒತ್ತಿರುವ ಕಡೆ, ದೀರ್ಘ ಇರುವ ಕಡೆ. 'ಪ್ರಕೃತಿ' ಸರಿಯಾಗಿ ಬರೆದು 'ಅಪ್ಪ' ತಪ್ಪು ಬರೆದಿದ್ದರೆ 'ಪ್ರಕೃತಿ' ಎಲ್ಲಿಂದಲೋ ಬಂದಿದೆ. ಆದರೂ ಇದು ಬರೀ ಅನುಮಾನ. ಅಂಕ ಕಳೆಯೋ ಮುಂಚೆ ಮಗುವನ್ನೇ ಕೇಳಿ. 'ಯಾರು ಬರೆಸಿದ್ದು?' ಅಂತ ಕೇಳಬೇಡಿ, ಮಗು ಅಳುತ್ತದೆ. ಹಾಳೆಯಲ್ಲಿ ಇಲ್ಲದ್ದನ್ನು ಕೇಳಿ. 'ಕರು ಯಾವ ಬಣ್ಣ? ಆಮೇಲೆ ಅದು ಎಲ್ಲಿ ಮಲಗಿತು?' ಸ್ವಂತ ಬರೆದವರಿಗೆ ಹೇಳೋಕೆ ಇನ್ನೂ ಬೇಕಾದಷ್ಟು ಇರುತ್ತದೆ.

ಅಂಕ

ಈಗ ನಾನು ಮೂರನೇ ಕ್ಲಾಸಿಗೆ ಹತ್ತಕ್ಕೆ ಹೀಗೆ ಹಾಕುತ್ತೇನೆ: ಹೇಳಿದ ಮಾತಿಗೆ 4, ಮಾತು ಒಂದರಿಂದ ಒಂದಕ್ಕೆ ನಡೆದದ್ದಕ್ಕೆ 3, ವಾಕ್ಯ ಪೂರ್ತಿ ಇರೋದಕ್ಕೆ 2, ಕಾಗುಣಿತಕ್ಕೆ 1. ಅಕ್ಷರದ ಅಂದಕ್ಕೆ ಏನೂ ಇಲ್ಲ, ಅದಕ್ಕೆ ಬೇರೆ ಸ್ಪರ್ಧೆ ಮಾಡಲಿ. ಕಾಗುಣಿತಕ್ಕೆ ಒಂದೇ ಯಾಕೆ ಅಂದರೆ, ಅದನ್ನು ಅಳೆಯೋಕೆ ಉಕ್ತಲೇಖನ ಇದೆ. ಇಲ್ಲಿ ಜಾಸ್ತಿ ಕೊಟ್ಟರೆ ಮಗು ತನಗೆ ಬರೆಯಲು ಬರುವ ಪದವನ್ನಷ್ಟೇ ಬಳಸುತ್ತದೆ. ಗೋಣಿಚೀಲ ಬರೆಯೋಕೆ ಬರಲ್ಲ ಅಂತ ಗೋಣಿಚೀಲವನ್ನೇ ಬಿಡುತ್ತದೆ. ಐದನೇ ಕ್ಲಾಸಿಗೆ ಬಂದಾಗ ಕಾಗುಣಿತವನ್ನು 3ಕ್ಕೆ ಏರಿಸಿ, ಹೇಳಿದ ಮಾತಿನದನ್ನು 2ಕ್ಕೆ ಇಳಿಸಿ.

ಈ ಲೆಕ್ಕದಲ್ಲಿ ಎರಡನೇ ಹಾಳೆಗೆ 4, 3, 2, 0, ಒಟ್ಟು 9. ಮೊದಲನೆಯದಕ್ಕೆ 1, 1, 2, 1, ಒಟ್ಟು 5.

ಒಂದೇ ಉಸಿರಿಗೆ 15 ಹಾಳೆಗಿಂತ ಜಾಸ್ತಿ ನೋಡಬೇಡಿ. ಕೈ ಒಂದೋ ಬಿಗಿಯಾಗುತ್ತದೆ, ಇಲ್ಲ ಸಡಿಲವಾಗುತ್ತದೆ. ಕಟ್ಟು ಮುಗಿದ ಮೇಲೆ ಮೊದಲು ನೋಡಿದ ಮೂರು ಹಾಳೆಗಳನ್ನು ಮತ್ತೆ ತೆಗೆದು ಓದಿ. ಎರಡು ಅಂಕದ ವ್ಯತ್ಯಾಸ ಬಂದರೆ ಎಲ್ಲವನ್ನೂ ಇನ್ನೊಮ್ಮೆ ನೋಡಬೇಕು. ಬೇಜಾರಿನ ಕೆಲಸವೇ.

ಹಾಳೆಯ ಮೇಲೆ ಮಗುವಿಗೆ ಬರೆಯುವ ಮಾತು ಒಂದೇ ಇರಲಿ, ಅದು ಮಗು ಓದಲು ಬರುವ ಪದಗಳಲ್ಲಿರಲಿ. 'ಉತ್ತಮ ಪ್ರಯತ್ನ' ಅಂದರೆ ಮಗುವಿಗೆ ಏನೂ ತಿಳಿಯಲ್ಲ. 'ಕರು ಕಿವಿ ಬಿಸಿ ಇತ್ತು ಅಂತ ಬರೆದೆಯಲ್ಲ, ಅದು ಚೆನ್ನಾಗಿದೆ. ಈಗ ಕರು ಹೇಗಿದೆ?' ಅಂತ ಬರೆಯಿರಿ. ಪ್ರಶ್ನೆಗೆ ಉತ್ತರ ಬರೆದುಕೊಂಡು ಬರುತ್ತಾರೆ, ನೋಡಿ. ತಪ್ಪುಗಳಲ್ಲಿ ಒಂದು ಗುಂಪನ್ನು ಮಾತ್ರ ತಿದ್ದಿ. ಈ ಹಾಳೆಗಾದರೆ ನಾನು ಸೊನ್ನೆ ಆರಿಸಿಕೊಳ್ಳುತ್ತೇನೆ, ಸುಲಭಕ್ಕೆ ಸರಿಹೋಗುವುದು ಅದೇ.

ಒಂದು ಹಾಳೆಯಿಂದ ಮಗು ಬರೆಯಬಲ್ಲದೋ ಇಲ್ಲವೋ ಹೇಳೋಕಾಗಲ್ಲ. ಅದು ನನಗೆ ತಿಳಿದದ್ದು ಅವತ್ತು ಬಹುಮಾನ ಕೊಟ್ಟಾದ ಮೇಲೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಮೊದಲನೇ ಹಾಳೆಯ ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. 'ವರದಾನ ಅಂದ್ರೇನು ಪುಟ್ಟಿ?' ಅಂದೆ. ತಲೆ ತಗ್ಗಿಸಿದಳು. ಕೇಳಬಾರದಿತ್ತು. 'ಹೋಗ್ಲಿ ಬಿಡು, ನಿಮ್ಮನೇಲಿ ಮಳೆ ಬಂದಾಗ ಏನಾಯ್ತು?' ಅಂದೆ. ಒಂದೇ ಸಮನೆ ಶುರು ಮಾಡಿದಳು. ಊಟ ಆದಮೇಲೆ ಅರ್ಧ ಹಾಳೆ ಕೊಟ್ಟು ಅದನ್ನೇ ಬರಿ ಅಂದೆ. ಹತ್ತು ನಿಮಿಷ ಬಿಟ್ಟು ಬಂದು ಕೊಟ್ಟಳು:

"ಅಪನ ಬೂಟಿನ ಒಳಗೆ ಕಪೆ ಇತ್ತು. ಅಪ ಕಾಲು ಹಾಕಿ ಕಿರಚಿದರು. ಅಮ್ಮ ನಕ್ಕು ನಕ್ಕು ಕೂತರು. ಕಪೆ ಒಲೆ ಹತ್ರ ಹೋಯ್ತು."

ಬಹುಮಾನದ ಹಾಳೆಯಲ್ಲಿ 'ಪ್ರಕೃತಿ' ಬರೆದ ಅದೇ ಕೈ, ಇಲ್ಲಿ ಅಪ್ಪನ ಒತ್ತು ಬಿಟ್ಟಿತ್ತು.